ಪಿಸಿಒಎಸ್ ಇರುವವರ ಊಟದ ತಟ್ಟೆ

ಎಲ್ಲರಿಗೂ ನಮಸ್ಕಾರ. ಪಿಸಿಒಎಸ್ ಇದೆ ಅಂತ ಅನ್ನ ಪೂರ್ತಿ ಬಿಡಬೇಕಿಲ್ಲ. ಮಧ್ಯಾಹ್ನ ಅರ್ಧ ತಟ್ಟೆ ಹುರುಳಿಕಾಯಿ ಪಲ್ಯ, ಸೊಪ್ಪು, ಸೌತೆಕಾಯಿ ಇರಲಿ. ಕಾಲು ಭಾಗ ಗಟ್ಟಿ ಬೇಳೆ ಅಥವಾ ಕಾಳು. ಬರೀ ತಿಳಿಸಾರು ಸಾಲದು. ಉಳಿದ ಕಾಲು ಭಾಗ ಅನ್ನ ಅಥವಾ ಚಿಕ್ಕ ಮುದ್ದೆ, ಎರಡೂ ಒಟ್ಟಿಗೆ ಬೇಡ.

ರಾಗಿ ಎಷ್ಟು ತಿಂದರೂ ಪರವಾಗಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅದರಲ್ಲೂ ಪಿಷ್ಟವೇ ಜಾಸ್ತಿ. ನುಣ್ಣನೆಯ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಅದರ ಹಿಂದೆಯೇ ಇನ್ಸುಲಿನ್ ಕೂಡ ಏರುತ್ತದೆ. ಬೆಲ್ಲ ಹಾಕಿದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಗಂಜಿಯ ಬದಲು ನುಗ್ಗೆಸೊಪ್ಪಿನ ರಾಗಿ ರೊಟ್ಟಿ, ಜೊತೆಗೆ ಹೆಸರುಕಾಳಿನ ಪಲ್ಯ ಮಾಡಿಕೊಳ್ಳಿ.

ತಿಂದ ಎರಡು ಗಂಟೆಗೇ ಹಸಿವಾಗಿ ಸಿಹಿ ಬೇಕೆನಿಸಿದರೆ, ಮರುದಿನ ಬೇಳೆ, ಕಾಳು ಹೆಚ್ಚಿಸಿ ನೋಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಅನ್ನ ತುಂಬಾ ಇಳಿಸುವ ಮೊದಲು ವೈದ್ಯರನ್ನು ಕೇಳಿ.