ವಾಟ್ಸಾಪ್ ಖಾತೆ ಅಳಿಸಿಹೋದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ವಿದೇಶಕ್ಕೆ ಹೋಗಿದ್ದ ನಮ್ಮ ಸದಸ್ಯರೊಬ್ಬರು ಗುಂಪಿನಿಂದ ತಾವಾಗಿ ಹೊರಬಂದಂತೆ ಕಾಣಿಸಿತು. ಅವರು ಬಿಟ್ಟು ಹೋಗಿದ್ದಲ್ಲ. ಇಲ್ಲಿಯ ನಂಬರಿನ ಫೋನು ಐದು ತಿಂಗಳು ಬೀರುವಿನಲ್ಲೇ ಆಫ್ ಆಗಿತ್ತು. ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ವಾಟ್ಸಾಪ್ ಅಳಿಸುತ್ತದೆ.

ಹೀಗಾದವರು ಗಾಬರಿಯಲ್ಲಿ ಆ್ಯಪ್ ತೆಗೆದು ಮತ್ತೆ ಹಾಕಬೇಡಿ, ದಯವಿಟ್ಟು. ಹಳೆಯ ಮಾತುಕತೆ ಇರುವುದು ಫೋನಿನೊಳಗೇ. ಆ್ಯಪ್ ತೆಗೆದರೆ ಅದೂ ಹೋಗುತ್ತದೆ. ಅದೇ ಫೋನಿನಲ್ಲಿ, ಅದೇ ನಂಬರ್ ಕೊಟ್ಟು, ಎಸ್ಸೆಮ್ಮೆಸ್ಸಿನಲ್ಲಿ ಬರುವ ಕೋಡ್ ಹಾಕಿ ನೋಂದಾಯಿಸಿದರೆ ಹಳೆಯ ಸಂದೇಶಗಳು ಮತ್ತೆ ಕಾಣುತ್ತವೆ. ಹಾಗಾಗಿ ಸಿಮ್ ಚಾಲ್ತಿಯಲ್ಲಿರಬೇಕು, ರೀಚಾರ್ಜ್ ತಪ್ಪಿಸಬೇಡಿ. ಗುಂಪಿಗೆ ಮಾತ್ರ ಅಡ್ಮಿನ್ ಮತ್ತೆ ಸೇರಿಸಬೇಕು. ನನಗೊಂದು ಕರೆ ಮಾಡಿ, ಸೇರಿಸುತ್ತೇನೆ. ನಡುವೆ ಗುಂಪಿನಲ್ಲಿ ಬಂದ ಸಂದೇಶಗಳು ಸಿಗುವುದಿಲ್ಲ.

ಸೆಟ್ಟಿಂಗ್ಸಿನಲ್ಲಿ 'Delete account' ಒತ್ತಿ ನಂಬರ್ ಹಾಕಿ ಖಚಿತಪಡಿಸಿದ್ದರೆ ಕಥೆ ಬೇರೆ. ಅದಕ್ಕೆ ಮರಳುವ ಅವಧಿ ಇಲ್ಲ. ಸಂದೇಶಗಳ ಜೊತೆ ಗೂಗಲ್ ಖಾತೆಯಲ್ಲಿದ್ದ ಬ್ಯಾಕಪ್ಪೂ ಅಳಿಯುತ್ತದೆ, ಎಲ್ಲ ಗುಂಪುಗಳಿಂದಲೂ ಹೊರಗಾಗುತ್ತೀರಿ. ಮಾಹಿತಿ ಅಳಿಸಲು 90 ದಿನದವರೆಗೆ ಹಿಡಿಯಬಹುದು ಎಂದು ಕಂಪನಿ ಹೇಳುವುದನ್ನು ಕೆಲವರು ವಾಪಸ್ ಪಡೆಯುವ ಗಡುವು ಅಂದುಕೊಂಡಿದ್ದಾರೆ. ಅದು ಅವರ ಸರ್ವರ್ ಕೆಲಸದ ಅವಧಿ ಅಷ್ಟೇ. ಅದೇ ನಂಬರಿನಲ್ಲಿ ಹೊಸ ಖಾತೆ ತೆರೆಯಬಹುದು, ಆದರೆ ಅದು ಖಾಲಿ ಖಾತೆ. ಫೋನ್ ಬದಲಿಸುವವರು ಇದನ್ನು ಒತ್ತುವ ಅಗತ್ಯವೇ ಇಲ್ಲ.

ದೂರದೂರಿಗೆ ಹೊರಟವರು ಆ ಫೋನನ್ನು ಜೊತೆಗೊಯ್ದು, ತಿಂಗಳಿಗೊಮ್ಮೆಯಾದರೂ ವೈಫೈಗೆ ಜೋಡಿಸಿ ವಾಟ್ಸಾಪ್ ತೆರೆಯಿರಿ.