ನಿಮ್ಮಮ್ಮನ ಮನೆಪತ್ರ ಬ್ಯಾಂಕಿಗೆ ಹೋಗುವ ಮೊದಲು

ಪ್ರೀತಿಯ ಪುಟ್ಟನಿಗೆ,

ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನ್ನ ಅಂಗಡಿಗೆ 20 ಲಕ್ಷದ ಓ.ಡಿ., ಅಂದರೆ ಆ ಲಿಮಿಟ್ಟಿನೊಳಗೆ ಬೇಕಾದಾಗ ತೆಗೆದು ಕಟ್ಟುತ್ತಾ ಇರಬಹುದಾದ ಸಾಲ, ಸ್ಯಾಂಕ್ಷನ್ ಆಗಿದೆಯಂತೆ. ಸೋಮವಾರ ಬ್ಯಾಂಕಿಗೆ ಬಂದು ಮನೆಪತ್ರ ಕೊಡಬೇಕಂತೆ. "ಬರೀ ಪತ್ರ ಇಟ್ಟುಕೊಳ್ತಾರಂತೆ ಅಣ್ಣಾ, ಮನೆ ಬರೆದುಕೊಡೋದು ಏನೂ ಇಲ್ವಂತೆ" ಅಂದಳು. ಆ "ಬರೀ" ಅನ್ನುವ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ಬ್ಯಾಂಕಿನ ಸಾಲದ ಮೇಜಿನ ಹಿಂದೆ ಎಷ್ಟೋ ವರ್ಷ ಕೂತವನು ನಾನು. ಸೋಮವಾರ ಏನಾಗುತ್ತೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಹೇಳಬಲ್ಲೆ. ನಿಮ್ಮಮ್ಮ ಚೀಲದಿಂದ ಕ್ರಯಪತ್ರ ತೆಗೆದು ಮೇಜಿನ ಮೇಲಿಡುತ್ತಾಳೆ. "ಯಾಕೆ ಕೊಡ್ತಿದ್ದೀರಮ್ಮ?" ಅಂತ ಅಧಿಕಾರಿ ಕೇಳುತ್ತಾರೆ. "ಮಗನ ಸಾಲಕ್ಕೆ ಭದ್ರತೆ ಅಂತ" ಅನ್ನುತ್ತಾಳೆ. ಅಷ್ಟೇ. ಅಡಮಾನ ಆಗಿಹೋಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಇದಕ್ಕೇ ಜಾಗ ಇದೆ. ಸರ್ಕಾರ ಗೊತ್ತುಮಾಡಿದ ಊರಿನಲ್ಲಿ, ಸಾಲಕ್ಕೆ ಭದ್ರತೆ ಅನ್ನುವ ಉದ್ದೇಶದಿಂದ, ಹಕ್ಕಿನ ಪತ್ರವನ್ನು ಸಾಲ ಕೊಡುವವರ ಕೈಗೆ ಒಪ್ಪಿಸಿದರೆ ಸಾಕು. ರಿಜಿಸ್ಟರ್ ಮಾಡಿಸಿದ ಅಡಮಾನಕ್ಕೆ ಎಷ್ಟು ಬಲವೋ ಇದಕ್ಕೂ ಅಷ್ಟೇ ಬಲ.

ಆಮೇಲೆ ಅಧಿಕಾರಿ ತಮ್ಮ ಪುಸ್ತಕದಲ್ಲಿ ಇಂಥ ದಿನ, ಇಂಥವರು ಬಂದು, ಇಂಥ ಪತ್ರ ಒಪ್ಪಿಸಿದರು ಅಂತ ಬರೆದುಕೊಳ್ಳುತ್ತಾರೆ. ಹಿಂದಿನ ಪದ್ಧತಿಯಲ್ಲಿ ಅದಕ್ಕೆ ಪತ್ರ ಕೊಟ್ಟವರ ಸಹಿ ಇರುತ್ತಿರಲಿಲ್ಲ. ಮಾರನೇ ದಿನ ಅವರಿಂದ "ನಿನ್ನೆ ಒಪ್ಪಿಸಿದ್ದು ನಿಜ" ಅಂತ ಒಂದು ಕಾಗದ ತಗೊಳ್ಳುತ್ತಿದ್ದೆವು. ಆ "ನಿನ್ನೆ"ಗೆ ಕಾರಣ ಇದೆ. ಆಗಿಹೋದ ಸಂಗತಿಯನ್ನು ನೆನಪಿಗೆ ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಕಿಲ್ಲ. ಕಾಗದವೇ ಒಪ್ಪಂದ ಆಗಿಬಿಟ್ಟರೆ ನೋಂದಣಿ ಕಡ್ಡಾಯ. ಈಗ ನಮ್ಮ ಕಡೆ ಬಹಳಷ್ಟು ಬ್ಯಾಂಕುಗಳು ಅದನ್ನು ಸಬ್‌ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿಯೇ ಬಿಡುತ್ತವೆ. ಆಗ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದರೆ ಋಣ ಇದೆ ಅಂತ ಕಾಣುತ್ತೆ. ಸೆರ್ಸಾಯ್ ಅನ್ನುವ ಕೇಂದ್ರದ ದಾಖಲೆಯಲ್ಲೂ ಸೇರುತ್ತೆ.

ನಿನ್ನ ವಿಷಯಕ್ಕೆ ಬರುತ್ತೇನೆ. ಮನೆ ಕಟ್ಟುವ ಸಾಲವಾದರೆ ಕಂತು ಕಟ್ಟುತ್ತಾ ಕಟ್ಟುತ್ತಾ ಸಾಲ ಕರಗುತ್ತೆ, ಒಂದು ದಿನ ಮುಗಿಯುತ್ತೆ. ಓ.ಡಿ. ಹಾಗಲ್ಲ. ಇವತ್ತು ನೀನು 12 ಲಕ್ಷ ತೆಗೆದೆ ಅಂತಿಟ್ಟುಕೋ. ಬಡ್ಡಿ ವರ್ಷಕ್ಕೆ ಶೇ. 11 ಇದ್ದರೆ 30 ದಿನಕ್ಕೆ ಸುಮಾರು 10,850 ರೂಪಾಯಿ. ದೀಪಾವಳಿ ವ್ಯಾಪಾರ ಚೆನ್ನಾಗಿ ಆಗಿ ಪೂರ್ತಿ ಹಣ ಕಟ್ಟಿದೆ, ಬಾಕಿ ಸೊನ್ನೆ. ಬಡ್ಡಿಯೂ ಇಲ್ಲ. ಆದರೆ ಮನೆ ಬಿಡುಗಡೆ ಆಗಲಿಲ್ಲ! ಯುಗಾದಿಗೆ ನೀನು ಮತ್ತೆ 18 ಲಕ್ಷ ತೆಗೆದರೆ, ಸೋಮವಾರ ಇಟ್ಟ ಅದೇ ಪತ್ರವೇ ಆ 18 ಲಕ್ಷಕ್ಕೂ ಭದ್ರತೆ. ಲಿಮಿಟ್ ಜೀವಂತ ಇರುವಷ್ಟು ದಿನ ಅಮ್ಮನ ಮನೆ ಅದರ ಜೊತೆ ಏರುತ್ತಾ ಇಳಿಯುತ್ತಾ ಇರುತ್ತೆ. ಇದನ್ನು ಅವಳಿಗೆ ಯಾರೂ ಹೇಳಿಲ್ಲ. ನೀನು ಹೇಳು.

ನನ್ನ ಸರ್ವೀಸಿನಲ್ಲಿ ಕಂಡ ಒಬ್ಬರ ಕಥೆ ಈಗಲೂ ಮನಸ್ಸಿನಲ್ಲಿದೆ. ಬಟ್ಟೆ ಅಂಗಡಿಯವರು, ಬಹಳ ಪ್ರಾಮಾಣಿಕರು. ಮಗಳ ಮದುವೆಗೆ ಮೊದಲು ಓ.ಡಿ. ಪೂರ್ತಿ ತೀರಿಸಿ ಪತ್ರ ಕೇಳಲು ಬಂದರು. ಕೊಡಲಾಗಲಿಲ್ಲ. ಅವರು ಅದೇ ಬ್ಯಾಂಕಿನಲ್ಲಿ ಭಾವಮೈದುನನ ಲಾರಿ ಸಾಲಕ್ಕೆ ಜಾಮೀನು ಹಾಕಿದ್ದರು, ಆ ಸಾಲ ಕೆಟ್ಟಿತ್ತು. ಅವರ ಅಡಮಾನದ ಕಾಗದದಲ್ಲಿ "ಈ ಸಾಲ ಮತ್ತು ಬ್ಯಾಂಕಿಗೆ ಬರಬೇಕಾದ ಬೇರೆ ಎಲ್ಲ ಬಾಕಿ" ಅಂತ ಒಂದೇ ಒಂದು ಸಾಲು ಇತ್ತು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಅವರು ತುಂಬಾ ಹೊತ್ತು ಮಾತಾಡದೆ ಕೂತಿದ್ದರು.

ಆ ಸಾಲನ್ನು ನಿನ್ನ ಕಾಗದದಲ್ಲೂ ಹುಡುಕು. ಸಿಕ್ಕರೆ ಮ್ಯಾನೇಜರ್ ಹತ್ರ ಕೂತು ಕೇಳು: ಅಡಮಾನ ಈ ಖಾತೆಯ 20 ಲಕ್ಷ, ಅದರ ಬಡ್ಡಿ ಮತ್ತು ಖರ್ಚಿಗೆ ಮಾತ್ರ ಅಂತ ಬರೆಯಲು ಆಗುತ್ತಾ ಅಂತ. ಎಲ್ಲ ಬ್ಯಾಂಕೂ ಒಪ್ಪುವುದಿಲ್ಲ. ಕೇಳದಿದ್ದರಂತೂ ಯಾರೂ ಬದಲಾಯಿಸುವುದಿಲ್ಲ.

ಅದರ ಜೊತೆಗೇ ಇನ್ನೊಂದು ಮಾತು. ಅಮ್ಮನಿಂದ ಪತ್ರದ ಜೊತೆ ಜಾಮೀನು ಪತ್ರಕ್ಕೂ ಸಹಿ ಕೇಳುತ್ತಾರೆ. ಎರಡೂ ಒಂದೇ ಅಲ್ಲ. ಬರೀ ಅಡಮಾನವಾದರೆ ಅವಳು ಕಳೆದುಕೊಳ್ಳಬಹುದಾದದ್ದು ಆ ಮನೆ. ಜಾಮೀನೂ ಕೊಟ್ಟರೆ ಮನೆ ಮಾರಿದ ಮೇಲೂ ಉಳಿದ ಬಾಕಿಗೆ ಅವಳ ಎಫ್.ಡಿ.ಗೆ ಕೈ ಹಾಕಬಹುದು. ಅಪ್ಪ ಹೋದ ಮೇಲೆ ಅವಳಿಗೆ ಉಳಿದಿರುವುದು ಅಷ್ಟೇ ಅಲ್ವಾ? ಮನೆಯ ಬೆಲೆ ಸಾಲದ ಎರಡರಷ್ಟಿದೆ, ಜಾಮೀನು ಬೇಡ ಅಂತ ವಾದ ಮಾಡು. ಮಾಡಲೇಬೇಕು ಅಂದರೆ ಜಾಮೀನಿಗೂ ಒಂದು ಮೊತ್ತದ ಮಿತಿ ಹಾಕಿಸು. ಖಾಲಿ ಫಾರಂಗೆ ಅವಳಿಂದ ಸಹಿ ಮಾಡಿಸಬೇಡ. ಮುಂದೆ ಲಿಮಿಟ್ 35 ಲಕ್ಷಕ್ಕೆ ಏರಿಸುವಾಗ ಅವಳು ಮತ್ತೆ ಬಂದು, ಅದೇ ಪತ್ರ ಹೆಚ್ಚಿನ ಸಾಲಕ್ಕೂ ಭದ್ರತೆ ಅಂತ ಒಪ್ಪಬೇಕು. ಆವತ್ತೂ ಅವಳನ್ನು ಕೂರಿಸಿ ವಿವರಿಸು.

ಖಾತೆ ಕೆಡುವುದು ಸದ್ದಿಲ್ಲದೆ. ಲಿಮಿಟ್ ಪೂರ್ತಿ 20 ಲಕ್ಷ ಎಳೆದು ಕೂತಿದ್ದೀಯ ಅಂದುಕೋ. ತಿಂಗಳ ಕೊನೆಗೆ ಬಡ್ಡಿ ಸುಮಾರು 18,000 ಬಿದ್ದು ಖಾತೆ ಲಿಮಿಟ್ ದಾಟುತ್ತೆ. ಬಿಡದೆ 90 ದಿನ ಹಾಗೇ ದಾಟಿಯೇ ಇದ್ದರೆ, ಅಥವಾ 90 ದಿನದಲ್ಲಿ ನೀನು ಜಮಾ ಮಾಡಿದ್ದು ಬಡ್ಡಿಗೂ ಸಾಲದಿದ್ದರೆ, ಖಾತೆ ಕೆಟ್ಟ ಸಾಲ, ಬ್ಯಾಂಕಿನ ಮಾತಿನಲ್ಲಿ ಎನ್‌ಪಿಎ. ಅಂಗಡಿ ಓಡುತ್ತಿದ್ದರೂ ಸರಿ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಬರುತ್ತೆ. ತೀರಿಸದಿದ್ದರೆ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ಸ್ವಾಧೀನಕ್ಕೆ ಇಳಿಯಬಹುದು. ಅದಕ್ಕೇ ಲಿಮಿಟ್ಟಿನಲ್ಲಿ ಒಂದು ಲಕ್ಷವಾದರೂ ಖಾಲಿ ಬಿಟ್ಟಿರು. ಅಂಗಡಿಯ ದಿನದ ಗಲ್ಲ ಬೇರೆ ಖಾತೆಗೆ ಹಾಕದೆ ಇದಕ್ಕೇ ಹಾಕು.

ಪತ್ರ ಒಪ್ಪಿಸುವ ದಿನ ಒಂದು ಪಟ್ಟಿ ಮಾಡಿಕೊಂಡು ಹೋಗು. ಅಮ್ಮನ ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಖಾತಾ, ಕಂದಾಯದ ರಸೀದಿ, ಒಂದೊಂದರ ನಂಬರು, ತಾರೀಕು, ಎಷ್ಟು ಹಾಳೆ, ಮೂಲವೋ ನಕಲೋ ಎಲ್ಲ ಬರಿ. ಖಾತಾ, ರಸೀದಿ ಎಷ್ಟಿದ್ದರೂ ಹಕ್ಕು ಹೇಳುವುದು ಕ್ರಯಪತ್ರವೇ. ಅದರ ಪ್ರತಿ ಹಾಳೆಯೂ ಲೆಕ್ಕಕ್ಕೆ ಬರಬೇಕು. ಪಟ್ಟಿಯ ಮೇಲೆ ಬ್ಯಾಂಕಿನ ಸೀಲು, ಸಹಿ ಹಾಕಿಸಿಕೊಂಡೇ ಎದ್ದೇಳು. ಮನೆಗೆ ಒಂದು ಸೆಟ್ ಜೆರಾಕ್ಸ್ ಇರಲಿ.

ಮುಂದೊಂದು ದಿನ ಓ.ಡಿ. ಸಾಕು ಅನ್ನಿಸಿದಾಗ ಬರೀ ಹಣ ಕಟ್ಟಿ ಸುಮ್ನೆ ಬಂದುಬಿಡಬೇಡ. ಲಿಮಿಟ್ ರದ್ದು ಮಾಡಿ, ಖಾತೆ ಮುಚ್ಚಿ, ಪತ್ರ ವಾಪಸ್ ಕೊಡಿ ಅಂತ ಬರೆದುಕೊಟ್ಟು ಸ್ವೀಕೃತಿ ತಗೋ. ಸಬ್‌ ರಿಜಿಸ್ಟ್ರಾರ್ ಆಫೀಸಿನ ಋಣ ಬಿಡುಗಡೆ ಮಾಡಿಸಿ ಹೊಸ ಇ.ಸಿ. ನೋಡು, ಸೆರ್ಸಾಯ್‌ನಲ್ಲೂ ತೆಗೆಸು. ತೀರಿಸಿದ 30 ದಿನದಲ್ಲಿ ಪತ್ರ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ಆದೇಶ ನೀನು ಕೇಳಿರಬಹುದು. ಅದು ಮನೆ ಸಾಲದಂಥ ವೈಯಕ್ತಿಕ ಸಾಲಗಳಿಗೆ ಹೊರಡಿಸಿದ್ದು. ವ್ಯಾಪಾರದ ಓ.ಡಿ.ಗೆ ಅದನ್ನೇ ನಂಬಿಕೊಂಡು ಕೂರಬೇಡ. ಪತ್ರ ಎಷ್ಟು ದಿನದಲ್ಲಿ ವಾಪಸ್ ಅಂತ ಸ್ಯಾಂಕ್ಷನ್ ಲೆಟರಿನಲ್ಲೇ ಬರೆಸಲು ನೋಡು.

ಸೋಮವಾರ ಬೇಡ, ಬುಧವಾರ ಬರುತ್ತೇವೆ ಅಂತ ಬ್ಯಾಂಕಿಗೆ ಹೇಳು. ಎರಡು ದಿನಕ್ಕೆ ಸ್ಯಾಂಕ್ಷನ್ ಎಲ್ಲೂ ಓಡಿಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮನನ್ನೂ ಅಕ್ಕನನ್ನೂ ಕರೆದುಕೊಂಡು ಇಲ್ಲಿಗೆ ಬಾ. ಬ್ಯಾಂಕು ಕೊಟ್ಟ ಎಲ್ಲ ಫಾರಂ ತಾ. ಅತ್ತೆ ಅಕ್ಕಿರೊಟ್ಟಿ ಮಾಡ್ತಾಳೆ. ತಿಂಡಿ ಮುಗಿಸಿ, ಒಂದೊಂದು ಹಾಳೆಯನ್ನೂ ನಿಮ್ಮಮ್ಮನಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ ನಿನ್ನ
ಮಾವ