ಸಂಬಳವಿಲ್ಲದ ಕೆಲಸವನ್ನು ಎಲ್ಲಿ ಬರೆಯೋದು?

ಪ್ರೀತಿಯ ಪುಟ್ಟಿ,

ನಿನ್ನ ಪತ್ರದ ಉಳಿದ ಸುದ್ದಿಯೆಲ್ಲ ಇರಲಿ. "ಸಂಘದ ಖಜಾಂಚಿ ಕೆಲಸ ರೆಸ್ಯೂಮೆಯಲ್ಲಿ ಹಾಕಿದರೆ ನಗ್ತಾರೆ ಮಾವ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಏಳು ವರ್ಷ ಒಂದೇ ಹುದ್ದೆ, ಕೈಕೆಳಗೆ ಒಬ್ಬರೂ ಇಲ್ಲ, ಟೀಮ್ ಲೀಡ್ ಕೆಲಸಕ್ಕೆ ಯಾವ ಮುಖ ಇಟ್ಟುಕೊಂಡು ಅರ್ಜಿ ಹಾಕಲಿ ಅಂತ ಕೇಳಿದ್ದೀಯ.

ಸಂದರ್ಶನದ ಮೇಜಿನ ಆ ಕಡೆ ಕೂತವನು ನಾನು. ನಗುವವರು ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಅವರಿಗೆ ನಗು ಬರೋದು ಸಂಬಳ ಇಲ್ಲ ಅಂತಲ್ಲ. ಕೊನೇ ಪುಟದಲ್ಲಿ, ಹವ್ಯಾಸಗಳ ಪಕ್ಕದಲ್ಲಿ, ಸುಮ್ನೆ "ಸಂಘದ ಸಮಿತಿ ಸದಸ್ಯೆ" ಅಂತ ಇದ್ದರೆ ಅದು ಹಾಜರಿ ಹಾಕಿದ ಹಾಗೆ ಕಾಣುತ್ತೆ. ಆ ಸಾಲನ್ನು ಸಮಿತಿಯ ಬೇರೆ ಯಾರಾದರೂ ಹಾಗೇ ತಮ್ಮ ಹೆಸರಿಗೆ ಬರೆದುಕೊಳ್ಳಬಹುದಾ, ನೋಡು. ಬರೆದುಕೊಳ್ಳಬಹುದು ಅಂದರೆ ಅದರಲ್ಲಿ ನೀನಿಲ್ಲ.

ನಿನ್ನ ಬಾಕಿ ವಸೂಲಿಯನ್ನೇ ತಗೋ. ನಿಮ್ಮ ನಿವಾಸಿಗಳ ಸಂಘದ 64 ಮನೆಗಳಲ್ಲಿ 19 ಮನೆಯವರು ನಿರ್ವಹಣಾ ಶುಲ್ಕ ಕಟ್ಟುತ್ತಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಅವರ ಹೆಸರು ಹಾಕಿ ಅಂತ ಉಳಿದವರ ಗಲಾಟೆ. ನೀನು ಅದು ಬೇಡ ಅಂದೆ, ಒಂದೊಂದು ಬಾಗಿಲಿಗೂ ಹೋಗಿ ಕೇಳಿದೆ. ಬಿಲ್ಲು ಬರೋದು 20ನೇ ತಾರೀಖು, ಅಷ್ಟೊತ್ತಿಗೆ ಕೈ ಖಾಲಿ ಅಂತ ಸುಮಾರು ಜನ ಹೇಳಿದರು. ಬಿಲ್ಲನ್ನು ತಿಂಗಳ ಮೊದಲ ವಾರಕ್ಕೆ ತರೋಣ, ಹಳೇ ಬಾಕಿಗೆ ಕಂತು ಕೊಡೋಣ ಅಂತ ಸಮಿತಿಯ ಮುಂದಿಟ್ಟೆ. ಇಬ್ಬರು ವಿರೋಧಿಸಿದರೂ ಪಾಸಾಯಿತು. ಆರು ತಿಂಗಳಲ್ಲಿ ಬಾಕಿದಾರರು ನಾಲ್ಕೇ ಮನೆ.

ಇದನ್ನು ನೀನು "ಲೆಕ್ಕ ಬರೆಯೋ ಕೆಲಸ" ಅಂತೀಯ! ಆಫೀಸಿನ ಮೇಲಧಿಕಾರಿಯ ಕೈಯಲ್ಲಿ ಬಡ್ತಿ ಇರುತ್ತೆ, ರಜೆ ಇರುತ್ತೆ, ಆದ್ದರಿಂದ ಜನ ಮಾತು ಕೇಳ್ತಾರೆ. ನಿನ್ನ ಮಾತು ಕೇಳಲೇಬೇಕು ಅಂತ ಆ 64 ಮನೆಯಲ್ಲಿ ಯಾರಿಗೂ ಇರಲಿಲ್ಲ, ಆದರೂ ಕೇಳಿದರು. ಟೀಮ್ ಲೀಡ್ ಹುಡುಕುವವರಿಗೆ ಬೇಕಾಗಿರೋದು ಇದೇ ಅಲ್ವಾ?

ನಾನೂ ಒಂದು ಕಾಲದಲ್ಲಿ ಗ್ರಂಥಾಲಯ ಸಮಿತಿ ನಡೆಸಿದವನು. ಜಗಳಗಂಟರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಬಜೆಟ್ ಪಾಸು ಮಾಡಿಸುತ್ತಿದ್ದೆ. ಬಡ್ತಿಯ ಸಂದರ್ಶನದಲ್ಲಿ "ಯಾರನ್ನಾದರೂ ಮುನ್ನಡೆಸಿದ ಅನುಭವ ಇದೆಯಾ" ಅಂತ ಕೇಳಿದಾಗ "ಇಲ್ಲ ಸಾರ್" ಅಂದು ಎದ್ದು ಬಂದೆ. ಸೇವೆಯನ್ನು ಹೇಳಿಕೊಂಡರೆ ಅದರ ಪುಣ್ಯ ಹೋಗುತ್ತೆ ಅಂತ ಮನೆಯಲ್ಲಿ ಕಲಿತಿದ್ದೆ. ಅವರು ನಗ್ತಾರೆ ಅನ್ನೋ ಹೆದರಿಕೆಯೂ ಇತ್ತೇನೋ. ಕೊನೆಗೂ ಆ ಹುದ್ದೆ ನನಗೆ ಸಿಗಲೇ ಇಲ್ಲ. ಈಗ ಅದರ ಮಾತು ಯಾಕೆ, ಬಿಡು.

ಈಗಿನ ರೆಸ್ಯೂಮೆ ಪದ್ಧತಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ, ಹವ್ಯಾಸದ ಜಾಗದಿಂದ ತೆಗೆದು "ಅನುಭವ" ಅನ್ನೋ ಕಡೆಗೇ ತಾ. ಹೀಗೆ ಬರೆದರೆ ಹೇಗೆ: "ಖಜಾಂಚಿ, ಸ್ವಯಂಸೇವೆ, 64 ಮನೆಗಳ ನಿವಾಸಿಗಳ ಸಂಘ. ಶುಲ್ಕ ಬಾಕಿಗೆ ಕಾರಣ ಪತ್ತೆ ಮಾಡಿ, ಬಿಲ್ಲಿನ ದಿನಾಂಕ ಬದಲಿಸುವ ಪ್ರಸ್ತಾವಕ್ಕೆ ಸಮಿತಿಯ ಒಪ್ಪಿಗೆ ಪಡೆದೆ. ಆರು ತಿಂಗಳಲ್ಲಿ ಬಾಕಿ ಮನೆಗಳು 19ರಿಂದ 4ಕ್ಕೆ ಇಳಿದವು." ಯಾವ ವರ್ಷದಿಂದ ಯಾವ ವರ್ಷ ಅನ್ನೋದನ್ನೂ ಸೇರಿಸು. ಸ್ವಯಂಸೇವೆ ಅನ್ನೋ ಪದ ಮಾತ್ರ ಬಿಡಬೇಡ. ಅದನ್ನು ಮುಚ್ಚಿಟ್ಟು, ಆಮೇಲೆ ಗೊತ್ತಾದರೆ ನಿಜವಾಗಿಯೂ ನಗ್ತಾರೆ.

"ಒಪ್ಪಿಗೆ ಪಡೆದೆ" ಅಂತ ಯಾಕೆ ಬರೆದೆ ಅಂದರೆ, ತೀರ್ಮಾನ ಸಮಿತಿಯದ್ದು, ಪ್ರಸ್ತಾವ ನಿನ್ನದು. ಕಾವಲುಗಾರರಿಗೆ ಕೆಲಸ ಹೇಳೋದು ಮ್ಯಾನೇಜರು, ಹಾಗಾಗಿ "ಸಿಬ್ಬಂದಿ ನಿರ್ವಹಿಸಿದೆ" ಅಂತ ಹಾಕಬೇಡ. "ಅವರ ರಜೆ ಯಾರು ಮಂಜೂರು ಮಾಡ್ತಿದ್ದರು?" ಅಂತ ಒಂದೇ ಒಂದು ಪ್ರಶ್ನೆ ಬಂದರೂ ತಡವರಿಸ್ತೀಯ. ಮೇಜಿನ ಆ ಕಡೆಯಿಂದ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬಾಕಿ ಇಟ್ಟವರು ಯಾರು ಅನ್ನೋದೂ ನಿನ್ನ ಬಾಯಿಂದ ಬರಬಾರದು.

ಸಂದರ್ಶನದಲ್ಲಿ ಜಾಸ್ತಿ ಕೇಳೋದು ಆ ಇಬ್ಬರು ವಿರೋಧಿಸಿದವರ ಬಗ್ಗೆ. ಅವರ ವಾದ ಏನಿತ್ತು, ನೀನು ಏನು ಬಿಟ್ಟುಕೊಟ್ಟೆ, ಆಮೇಲೂ ಅವರ ಜೊತೆ ಹೇಗೆ ಕೆಲಸ ಮಾಡಿದೆ ಅನ್ನೋದನ್ನು ನೆನಪು ಮಾಡಿಕೊಂಡು ಹೋಗು. ಆ ದಿನದ ಸಭೆಯ ನಡಾವಳಿ ಪುಸ್ತಕ ಒಮ್ಮೆ ತೆಗೆದು ನೋಡು, ಅಂಕಿಅಂಶ ತಪ್ಪಬಾರದು. ಸಂಘದ ಅಧ್ಯಕ್ಷರ ಹೆಸರನ್ನು ರೆಫರೆನ್ಸ್ ಆಗಿ ಕೊಡೋದಾದರೆ ಮೊದಲು ಅವರನ್ನು ಕೇಳು. ನೀನು ಏನು ಬರೆದಿದ್ದೀಯ ಅನ್ನೋದನ್ನೂ ತೋರಿಸು, ಇಬ್ಬರ ಮಾತೂ ಒಂದೇ ಇರಲಿ.

ಇಷ್ಟಾದ ಮೇಲೂ ಯಾರಾದರೂ ನಕ್ಕರೆ ಏನು ಮಾಡಲಿ ಅಂತ ನೀನು ಮತ್ತೆ ಕೇಳ್ತೀಯ, ಗೊತ್ತು. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ ಪುಟ್ಟಿ. 19 ಯಾಕೆ ನಾಲ್ಕಾಯಿತು ಅಂತ ಅವರಿಗೆ ಒಂದು ನಿಮಿಷದಲ್ಲಿ ಹೇಳು, ಮುಂದಿನದು ಅವರಿಗೆ ಬಿಟ್ಟದ್ದು. ಕರಡು ಬರೆದು ಶನಿವಾರದೊಳಗೆ ಕಳಿಸು, ಓದಿ ನೋಡ್ತೀನಿ.

ಇಂತಿ,
ನಿನ್ನ ಮಾವ